ಒಂದೇ ಗೋಡೌನೋ, ಮೂರು ಡಿಪೋಗಳೋ: ಮುಂಬಯಿ, ಪುಣೆ, ಗೋವಾ ಬಿಡಿಭಾಗ ವ್ಯಾಪಾರದಲ್ಲಿ ಸೇಫ್ಟಿ ಸ್ಟಾಕಿನ ಲೆಕ್ಕ

ಉಡುಪಿ ಹೋಟೆಲುಗಳ ಅಡುಗೆಮನೆಗೆ ಗ್ರೈಂಡರ್ ಮೋಟರು, ಬೆಲ್ಟು, ಕಲ್ಲು, ಬರ್ನರು, ಹಿಟ್ಟು ಕಲಸುವ ಯಂತ್ರದ ಗೇರ್‌ಬಾಕ್ಸು ಇಂಥವನ್ನು ಪೂರೈಸುವ ವ್ಯಾಪಾರದಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮುಂಬಯಿ ಹತ್ತಿರದ ಭಿವಂಡಿಯಲ್ಲಿ ದೊಡ್ಡ ಗೋಡೌನ್ ಇದೆ, ಪುಣೆಯಲ್ಲಿ ಒಂದು ಡಿಪೋ, ಗೋವಾದಲ್ಲಿ ಇನ್ನೊಂದು. ಮೂರು ಕಡೆಯೂ ಅದೇ ಐಟಂ, ಮೂರು ಕಡೆಯೂ ‘ಇರಲಿ ಒಂದಿಷ್ಟು’ ಎಂದು ಇಟ್ಟ ಹೆಚ್ಚುವರಿ ಸ್ಟಾಕು. ಇದನ್ನೆಲ್ಲ ಒಂದೇ ಕಡೆ ಸೇರಿಸಿದರೆ ಎಷ್ಟು ದುಡ್ಡು ಬಿಡುಗಡೆಯಾಗುತ್ತದೆ? ಅದರಿಂದ ಯಾವ ಗಿರಾಕಿಗೆ ತೊಂದರೆ?

ಈ ಮೂರು ಜಾಗದ ವ್ಯವಸ್ಥೆ ಹುಟ್ಟಿದ್ದು ಬಹುಮಟ್ಟಿಗೆ ತೆರಿಗೆಯ ಕಾರಣದಿಂದ. 2017ರ ಜುಲೈ 1ಕ್ಕೆ ಮೊದಲು ಮಹಾರಾಷ್ಟ್ರದಿಂದ ಗೋವಾದ ಗಿರಾಕಿಗೆ ನೇರ ಬಿಲ್ ಮಾಡಿದರೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು, ಅದಕ್ಕೆ ಕ್ರೆಡಿಟ್ ಸಿಗುತ್ತಿರಲಿಲ್ಲ. ಸ್ವಂತ ಡಿಪೋಗೆ ಫಾರ್ಮ್ ಎಫ್ ಮೇಲೆ ಸರಕು ವರ್ಗಾಯಿಸಿ ಅಲ್ಲಿಂದ ಮಾರಿದರೆ ಅದು ತಪ್ಪುತ್ತಿತ್ತು. ಮುಂಬಯಿಯೊಳಗೆ ಸರಕು ತಂದರೆ ಆಕ್ಟ್ರಾಯ್ ಕಟ್ಟಬೇಕಿತ್ತು. ಗೋಡೌನುಗಳು ಭಿವಂಡಿಗೆ ಹೋಗಲು ಅದೂ ಒಂದು ಕಾರಣ. ಜಿಎಸ್‌ಟಿ ಬಂದು ಇವೆರಡೂ ಹೋದವು, ಡಿಪೋಗಳು ಮಾತ್ರ ಉಳಿದವು. ಆದ್ದರಿಂದ ಈಗ ಡಿಪೋ ಬೇಕೋ ಬೇಡವೋ ಎಂಬುದನ್ನು ಸ್ಟಾಕು, ಬಾಡಿಗೆ, ಸಾಗಣೆ ಮತ್ತು ಗಿರಾಕಿಯ ತಾಳ್ಮೆ, ಈ ನಾಲ್ಕನ್ನು ನೋಡಿ ನಿರ್ಧರಿಸಬೇಕು.

ಇಡೀ ಡಿಪೋ ಬೇಕೋ ಮುಚ್ಚಬೇಕೋ ಎಂದು ಕೇಳಿಕೊಂಡರೆ ಸರಿಯಾದ ಉತ್ತರ ಸಿಗುವುದಿಲ್ಲ. ಪ್ರತಿ ಐಟಂಗೂ ಈ ಪ್ರಶ್ನೆಯನ್ನು ಬೇರೆಬೇರೆಯಾಗಿ ಹಾಕಬೇಕು. ಹಾಗೇಕೆ ಎನ್ನುವುದು ಎರಡು ಐಟಂಗಳ ಲೆಕ್ಕ ಮಾಡಿದರೆ ತಿಳಿಯುತ್ತದೆ.

ಮೊದಲ ಐಟಂ: ಗ್ರೈಂಡರ್ ಮೋಟರು

1 ಎಚ್‌ಪಿಯ ಸಿಂಗಲ್ ಫೇಸ್ ಮೋಟರು, ಬೆಲೆ 4,000 ರೂಪಾಯಿ ಎಂದಿಟ್ಟುಕೊಳ್ಳಿ. ಕೊಯಮತ್ತೂರಿನಿಂದ ಬರುತ್ತದೆ, ಆರ್ಡರ್ ಹಾಕಿದ ದಿನದಿಂದ ಗೋಡೌನಿಗೆ ಇಳಿಯುವವರೆಗೆ 4 ವಾರ. ವಾರಕ್ಕೆ ಸರಾಸರಿ ಬೇಡಿಕೆ ಮುಂಬಯಿಯಲ್ಲಿ 20, ಪುಣೆಯಲ್ಲಿ 12, ಗೋವಾದಲ್ಲಿ 5. ವಾರದಿಂದ ವಾರಕ್ಕೆ ಬೇಡಿಕೆ ಎಷ್ಟು ಏರಿಳಿಯುತ್ತದೆ ಎಂಬುದರ ಅಳತೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಕ್ರಮವಾಗಿ 8, 6, 4. ಇವು ಲೆಕ್ಕ ತೋರಿಸಲು ಹಿಡಿದ ಅಂಕಿಗಳು. ನಿಮ್ಮ ಅಂಕಿಗಳನ್ನು ಹಾಕಿಕೊಂಡು ಇದೇ ದಾರಿಯಲ್ಲಿ ಹೋಗಿ.

ಸರಾಸರಿ ಬೇಡಿಕೆಗೆ ಬೇಕಾದ ಸ್ಟಾಕು ಒಂದು, ಸರಾಸರಿಗಿಂತ ಹೆಚ್ಚು ಕೇಳಿಬಂದರೆ ಕೈಕೊಡದಿರಲೆಂದು ಇಡುವ ಸ್ಟಾಕು ಇನ್ನೊಂದು. ಎರಡನೆಯದೇ ಸೇಫ್ಟಿ ಸ್ಟಾಕ್. ಅದರ ಸೂತ್ರ:

```
SS = z × σ × √L
```

ಇಲ್ಲಿ L ಲೀಡ್ ಟೈಮ್, 4 ವಾರ, ಅದರ ವರ್ಗಮೂಲ 2. σ ಎಂದರೆ ವಾರದ ಏರಿಳಿತ. z ಎಂಬುದು ಎಷ್ಟು ಭದ್ರತೆ ಬೇಕೆಂದು ನಾವು ಆರಿಸಿಕೊಳ್ಳುವ ಗುಣಕ, ಇಲ್ಲಿ 1.65 ಹಿಡಿಯೋಣ, ಅದು 95 ಶೇಕಡಾಕ್ಕೆ ಸಮ. ಈ 95ರ ಅರ್ಥವನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ನೂರು ಗಿರಾಕಿಗಳಲ್ಲಿ 95 ಮಂದಿಗೆ ಸರಕು ಸಿಕ್ಕಿತು ಎಂದಲ್ಲ. ನೂರು ಸಲ ಆರ್ಡರ್ ಹಾಕಿ ಕಾದರೆ, 95 ಸಲ ಹೊಸ ಲೋಡ್ ಬರುವ ತನಕ ಸ್ಟಾಕು ಮುಗಿಯದೆ ಉಳಿಯಿತು ಎಂದು.

ಪ್ರತಿ ಡಿಪೋ ತನ್ನಷ್ಟಕ್ಕೆ ಸ್ಟಾಕು ಇಟ್ಟರೆ ಮುಂಬಯಿಗೆ 26.4, ಪುಣೆಗೆ 19.8, ಗೋವಾಕ್ಕೆ 13.2 ಬರುತ್ತದೆ. ಅರ್ಧ ಮೋಟರು ಇಡಲಾಗದು, ಹಾಗಾಗಿ 27, 20, 14. ಒಟ್ಟು 61.

ಈಗ ಮೂರೂ ಊರಿನ ಬೇಡಿಕೆಯನ್ನು ಒಂದೇ ಗೋಡೌನಿನಿಂದ ಪೂರೈಸಿದರೆ? ಸರಾಸರಿಗಳನ್ನು ನೇರ ಕೂಡಿಸಬಹುದು: 20, 12, 5 ಸೇರಿ 37. ಏರಿಳಿತವನ್ನು ಮಾತ್ರ ಹಾಗೆ ಕೂಡಿಸುವಂತಿಲ್ಲ. ಮುಂಬಯಿಯಲ್ಲಿ ಹೆಚ್ಚು ಮೋಟರು ಸುಟ್ಟ ವಾರ ಪುಣೆಯಲ್ಲಿಯೂ ಹೆಚ್ಚು ಸುಡಬೇಕೆಂದೇನಿಲ್ಲ. ಒಂದು ಊರಿನ ಕೆಟ್ಟ ವಾರಕ್ಕೆ ಇನ್ನೊಂದು ಊರಿನ ಸಪ್ಪೆ ವಾರ ಜೋಡಿಯಾಗಿ ಸ್ವಲ್ಪ ಸಮವಾಗುತ್ತದೆ. ಊರುಗಳ ಬೇಡಿಕೆಗೆ ಪರಸ್ಪರ ಸಂಬಂಧವಿಲ್ಲದಿದ್ದರೆ ಏರಿಳಿತಗಳ ವರ್ಗವನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. 8ರ ವರ್ಗ 64, 6ರ ವರ್ಗ 36, ಕೂಡಿದರೆ 100. ಮುಂಬಯಿ ಪುಣೆ ಸೇರಿದ ಏರಿಳಿತ 14 ಅಲ್ಲ, 10. ಗೋವಾದ 16 ಸೇರಿಸಿದರೆ 116, ವರ್ಗಮೂಲ 10.77. ಗೋವಾ ಸೇರಿದ್ದರಿಂದ ಏರಿದ್ದು ಮುಕ್ಕಾಲು ಮೋಟರಿನಷ್ಟು ಮಾತ್ರ! ಅದೇ ಗೋವಾ ಬೇರೆ ನಿಂತಾಗ ಅದರ ಏರಿಳಿತ 4 ಆಗಿತ್ತು.

ಹೀಗೆ ಸೇರಿಸಿದಾಗ ಸೇಫ್ಟಿ ಸ್ಟಾಕ್ 1.65 × 10.77 × 2, ಅಂದರೆ 35.5, ಇಡಬೇಕಾದ್ದು 36. ಮೊದಲಿನ 61ರ ಜಾಗದಲ್ಲಿ 36, ಅದೂ ಅದೇ 95 ಶೇಕಡಾ ಭದ್ರತೆಯಲ್ಲಿ. ಪೂರ್ಣಾಂಕಕ್ಕೆ ಏರಿಸುವ ಮೊದಲಿನ ಲೆಕ್ಕದಲ್ಲಿ 40 ಶೇಕಡಾ ಇಳಿಕೆ. ರಿಸ್ಕ್ ಪೂಲಿಂಗ್ ಎಂದರೆ ಇಷ್ಟೇ.

ಇದರ ಹೆಸರುವಾಸಿ ರೂಪ ‘ವರ್ಗಮೂಲ ನಿಯಮ’. ಸಂಶೋಧಕ ಡೇವಿಡ್ ಮೈಸ್ಟರ್ 1976ರಲ್ಲಿ ಇದನ್ನು ಆ ಹೆಸರಿನಲ್ಲಿ ಮುಂದಿಟ್ಟರು. ಗ್ಯಾರಿ ಎಪ್ಪೆನ್ 1979ರಲ್ಲಿ ಹಲವು ಜಾಗಗಳ ಬೇಡಿಕೆ ಒಂದಕ್ಕೊಂದು ಅಂಟಿಕೊಂಡಿದ್ದಾಗ ಏನಾಗುತ್ತದೆ ಎಂಬುದನ್ನು ತೋರಿಸಿದರು. ನಿಯಮದ ಪ್ರಕಾರ ಮೂರು ಜಾಗ ಒಂದಾದರೆ ಸೇಫ್ಟಿ ಸ್ಟಾಕ್ ಮೂರರ ವರ್ಗಮೂಲದಿಂದ ಭಾಗಿಸಿದಷ್ಟಾಗಬೇಕು, ಅಂದರೆ 42 ಶೇಕಡಾ ಇಳಿಯಬೇಕು. ನಮಗೆ 40 ಬಂದದ್ದು ಮೂರು ಊರಿನ ಏರಿಳಿತ ಸಮವಾಗಿಲ್ಲದ ಕಾರಣ. ಒಂದು ಊರು ತೀರಾ ದೊಡ್ಡದು, ಉಳಿದೆರಡು ತೀರಾ ಚಿಕ್ಕದಾಗಿದ್ದರೆ ಇಳಿಕೆ ಇನ್ನೂ ಕಡಿಮೆ. ಒಂದು ಎಚ್ಚರಿಕೆ: ಈ ನಿಯಮವನ್ನು ಗೋಡೌನಿನ ಇಡೀ ಸ್ಟಾಕಿನ ಮೇಲೆ ಹಾಕಿ ‘ನಲವತ್ತು ಶೇಕಡಾ ದುಡ್ಡು ಬಿಡುಗಡೆ’ ಎಂದು ಲೆಕ್ಕ ಹೇಳುವವರಿದ್ದಾರೆ. ಮೇಲಿನ ಲೆಕ್ಕದಲ್ಲಿ ಇಳಿದದ್ದು ಸೇಫ್ಟಿ ಸ್ಟಾಕ್ ಮಾತ್ರ. ವಾರಕ್ಕೆ 37 ಮೋಟರು ಹೋಗುವುದು ಹೋಗಿಯೇ ಹೋಗುತ್ತದೆ, ಅದಕ್ಕೆ ಬೇಕಾದ ಸ್ಟಾಕು ಇದರಿಂದ ಕರಗುವುದಿಲ್ಲ.

ಆ 40 ಶೇಕಡಾ ಕೈಗೆ ಸಿಗುವುದಕ್ಕೆ ಅಡ್ಡ ಬರುವ ಎರಡು ಸಂಗತಿ

ಮೊದಲನೆಯದು, ಊರುಗಳ ಬೇಡಿಕೆ ಒಟ್ಟಿಗೆ ಏರುವುದು. ಮೋಟರು ಸುಡುವುದು ಆಯಾ ಹೋಟೆಲಿನ ವೋಲ್ಟೇಜು, ಬೇರಿಂಗು, ಓವರ್‌ಲೋಡಿನ ಮೇಲೆ ನಿಂತದ್ದು, ಹಾಗಾಗಿ ಊರುಗಳ ನಡುವೆ ನಂಟು ಕಡಿಮೆ. ಬೆಲೆ ಏರುತ್ತದೆಂಬ ಸುದ್ದಿ ಬಂದರೆ ಮೂರೂ ಊರಿನ ಅಂಗಡಿಯವರು ಒಂದೇ ವಾರ ಖರೀದಿಗೆ ಬರುತ್ತಾರೆ, ಆಗ ನಂಟು ಬಲ. ಈ ನಂಟನ್ನು ಅಳೆಯುವ ಕೋರಿಲೇಷನ್ 0 ಇದ್ದಾಗ ನಮ್ಮ 36 ಬಂತು. ಪ್ರತಿ ಜೋಡಿ ಊರಿಗೂ ಅದು 0.5 ಆದರೆ ಸೇರಿದ ಏರಿಳಿತ 14.83ಕ್ಕೆ ಏರಿ ಸೇಫ್ಟಿ ಸ್ಟಾಕ್ 49 ಆಗುತ್ತದೆ; 40 ಶೇಕಡಾ ಇಳಿಕೆ 18ಕ್ಕೆ ಕುಸಿಯುತ್ತದೆ. 1 ಆದರೆ ಉಳಿತಾಯವೇ ಇಲ್ಲ.

ಗಣೇಶ ಚವತಿ, ಗೋವಾದ ಡಿಸೆಂಬರ್ ಸೀಸನ್ ಇಂಥವನ್ನು ಈ ಲೆಕ್ಕಕ್ಕೆ ಎಳೆದು ತರಬಾರದು. ಅವು ಬರುತ್ತವೆಂದು ನಮಗೆ ಮೊದಲೇ ಗೊತ್ತು, ಅದಕ್ಕೆ ಬೇರೆ ಖರೀದಿ ಮಾಡುತ್ತೇವೆ. ಸೇಫ್ಟಿ ಸ್ಟಾಕ್ ಇಡುವುದು ಅಂದಾಜಿಗೆ ಸಿಗದ ಭಾಗಕ್ಕೆ. ಆದ್ದರಿಂದ ಸೀಸನ್ ಇರುವ ಐಟಂಗೆ ಮಾರಾಟದ ಏರಿಳಿತದ ಬದಲು ‘ಅಂದಾಜು ಎಷ್ಟಿತ್ತು, ಕೇಳಿದ್ದು ಎಷ್ಟು’ ಎಂಬ ವ್ಯತ್ಯಾಸದ ಏರಿಳಿತ ತೆಗೆಯಿರಿ.

ಎರಡನೆಯದು ಹೆಚ್ಚು ಪೆಟ್ಟು ಕೊಡುತ್ತದೆ, ಆದರೂ ಅದರತ್ತ ಗಮನ ಹೋಗುವುದು ಕಡಿಮೆ: ಸಪ್ಲಾಯರ್ ತಡ ಮಾಡುವುದು. 4 ವಾರ ಎಂದವರು ಕೆಲವು ಸಲ 3ಕ್ಕೆ ಕಳಿಸುತ್ತಾರೆ, ಕೆಲವು ಸಲ 5ಕ್ಕೆ, ಕೆಲವು ಸಲ 6ಕ್ಕೆ. ಆ ತಡಕ್ಕೂ ಸ್ಟಾಕು ಇಡಬೇಕು. ಆಗ ಸೂತ್ರ ಹೀಗೆ:

```
SS = z × √( L×σ² + d²×s² )
```

d ಎಂದರೆ ವಾರದ ಸರಾಸರಿ ಬೇಡಿಕೆ, s ಎಂದರೆ ಲೀಡ್ ಟೈಮಿನ ಏರಿಳಿತ, ವಾರದಲ್ಲಿ. s ಒಂದು ವಾರ ಎಂದು ಹಾಕಿದರೆ ಮೂರು ಡಿಪೋಗಳಿಗೆ 42.3, 28.0, 15.6, ಒಟ್ಟು ಸುಮಾರು 86 ಬೇಕು. ಒಂದೇ ಗೋಡೌನಿಗೆ 70.6. ಇಳಿಕೆ 18 ಶೇಕಡಾ ಮಾತ್ರ, ಬೇಡಿಕೆಗಳ ನಡುವೆ ನಂಟೇ ಇಲ್ಲದಿದ್ದರೂ! ಕಾರಣ ಸರಳ. ಕೊಯಮತ್ತೂರಿನ ಫ್ಯಾಕ್ಟರಿಯಲ್ಲಿ ತಡವಾದರೆ ಮೂರು ಊರಿಗೂ ಒಟ್ಟಿಗೆ ತಡ. ಒಂದರ ಕೊರತೆಯನ್ನು ಇನ್ನೊಂದು ಸರಿದೂಗಿಸುವ ಮಾತೇ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಸಪ್ಲಾಯರಿನ ತಡ ಇಷ್ಟು ದೊಡ್ಡದಿದ್ದಾಗ ಗೋಡೌನ್ ಒಂದು ಮಾಡುವ ಕೆಲಸ ಆಮೇಲೆ ಮಾಡಬೇಕು. ಮೊದಲು ತಡವನ್ನು ಅರ್ಧ ವಾರಕ್ಕೆ ಇಳಿಸುವ ಮಾತುಕತೆ ನಡೆಯಲಿ, ಇಲ್ಲವೇ ಎರಡನೇ ಸಪ್ಲಾಯರ್ ಹುಡುಕಿ.

ನಿಮ್ಮ ಅಂಕಿ ತೆಗೆಯುವ ಬಗೆ

ಕೋರಿಲೇಷನ್ ಬೇರೆಯಾಗಿ ಲೆಕ್ಕ ಹಾಕುವ ಗೋಜು ಬೇಕಿಲ್ಲ. ಎಕ್ಸೆಲ್‌ನಲ್ಲಿ ಒಂದು ಐಟಂಗೆ 52 ವಾರದ ಬೇಡಿಕೆಯನ್ನು B, C, D ಎಂಬ ಮೂರು ಕಾಲಂಗಳಲ್ಲಿ ಹಾಕಿ, ಎರಡನೇ ಸಾಲಿನಿಂದ ಶುರು ಮಾಡಿ. ಪಕ್ಕದ E ಕಾಲಂನಲ್ಲಿ ಆಯಾ ವಾರದ ಮೊತ್ತ ಬರಲಿ. ಮೊತ್ತದ ಕಾಲಂನ ಏರಿಳಿತ ತೆಗೆದರೆ ಊರುಗಳ ನಂಟು ತಾನಾಗಿ ಅದರೊಳಗೆ ಬಂದಿರುತ್ತದೆ.

```
E2:  =B2+C2+D2
B55: =1.65*STDEV.S(B2:B53)*SQRT(4)
C55: =1.65*STDEV.S(C2:C53)*SQRT(4)
D55: =1.65*STDEV.S(D2:D53)*SQRT(4)
E55: =1.65*STDEV.S(E2:E53)*SQRT(4)
E56: =1-E55/SUM(B55:D55)
```

ಸಪ್ಲಾಯರಿನ ತಡವನ್ನು ಬಿಟ್ಟರೆ, E56ರಲ್ಲಿ ಬರುವುದೇ ನಿಮ್ಮ ಐಟಂನ ನಿಜವಾದ ಇಳಿಕೆ. E2ರ ಸೂತ್ರವನ್ನು 53ನೇ ಸಾಲಿನವರೆಗೆ ಎಳೆಯಬೇಕು.

ಕೆಡುವುದು ಒಳಗೆ ಹಾಕುವ ಅಂಕಿಯಿಂದ. ಪುಣೆ ಡಿಪೋ ಭಿವಂಡಿಗೆ ತಿಂಗಳಿಗೊಮ್ಮೆ 50 ಮೋಟರು ಕೇಳುತ್ತದೆ ಎಂದುಕೊಳ್ಳಿ. ಆ ಆರ್ಡರನ್ನು ಬೇಡಿಕೆಯೆಂದು ಬರೆದರೆ ಮೂರು ವಾರ ಸೊನ್ನೆ, ಒಂದು ವಾರ 50. ಏರಿಳಿತ ಸುಳ್ಳಾಗಿ ದೊಡ್ಡದಾಗುತ್ತದೆ. ಬರೆಯಬೇಕಾದ್ದು ಹೋಟೆಲಿನವರು ಕೇಳಿದ್ದು. ಕೇಳಿದಾಗ ಸ್ಟಾಕು ಇಲ್ಲದೆ ವಾಪಸು ಹೋದದ್ದೂ ಅದರಲ್ಲಿ ಸೇರಬೇಕು. ಬಿಲ್ಲಿನಿಂದ ಮಾತ್ರ ಅಂಕಿ ತೆಗೆದರೆ ಸ್ಟಾಕು ಇಲ್ಲದ ವಾರ ಬೇಡಿಕೆಯೇ ಇರಲಿಲ್ಲ ಎಂದಾಗಿಬಿಡುತ್ತದೆ. ಡಿಪೋದಿಂದ ಡಿಪೋಗೆ ಕಳಿಸಿದ ಮೋಟರನ್ನು ಮಾರಾಟದಲ್ಲಿ ಎಣಿಸಬೇಡಿ, ಎಣಿಸಿದರೆ ಅದು ಎರಡು ಊರಿನ ಲೆಕ್ಕದಲ್ಲಿಯೂ ಬರುತ್ತದೆ.

ದುಡ್ಡಿನ ಲೆಕ್ಕ: ಮೋಟರಿಗೆ ಒಂದು ಉತ್ತರ, ಗೇರ್‌ಬಾಕ್ಸಿಗೆ ಇನ್ನೊಂದು

61ರಿಂದ 36ಕ್ಕೆ ಇಳಿದರೆ 25 ಮೋಟರು, ಒಂದು ಲಕ್ಷ ರೂಪಾಯಿ ಕೈಗೆ ಬರುತ್ತದೆ. ಸ್ಟಾಕು ಹಿಡಿದಿಡುವ ಖರ್ಚು, ಅಂದರೆ ಬಡ್ಡಿ, ಜಾಗ, ವಿಮೆ, ಹಾಳಾಗುವುದು, ಹಳೆಯದಾಗುವುದು ಎಲ್ಲ ಸೇರಿ ವರ್ಷಕ್ಕೆ 20 ಶೇಕಡಾ ಹಿಡಿದರೆ ಉಳಿತಾಯ ವರ್ಷಕ್ಕೆ 20,000.

ಇನ್ನು ಸಾಗಣೆ. ಡಿಪೋಗೆ ಟೆಂಪೊ ತುಂಬಿ ಕಳಿಸುವಾಗ ಒಂದು ಮೋಟರಿಗೆ 40 ರೂಪಾಯಿ ಬೀಳುತ್ತದೆ, ಬಿಡಿ ಪಾರ್ಸೆಲ್ ಮಾಡಿದರೆ ಪುಣೆಗೆ 150, ಗೋವಾಕ್ಕೆ 200 ಎಂದು ಹಿಡಿಯೋಣ. ಪುಣೆಗೆ ವರ್ಷಕ್ಕೆ 624 ಮೋಟರು, ಹೆಚ್ಚುವರಿ 110ರಂತೆ 68,640. ಗೋವಾಕ್ಕೆ 260 ಮೋಟರು, 160ರಂತೆ 41,600. ಒಟ್ಟು 1,10,240. ಇಪ್ಪತ್ತು ಸಾವಿರ ಉಳಿಸಲು ಒಂದು ಲಕ್ಷ ಹತ್ತು ಸಾವಿರ ಖರ್ಚು! ಗೋವಾದ ಹೋಟೆಲಿನಲ್ಲಿ ಗ್ರೈಂಡರ್ ನಿಂತರೆ ನಾಳೆಯ ಇಡ್ಲಿ ದೋಸೆಗೆ ಹಿಟ್ಟಿಲ್ಲ. ಅವರು ಭಿವಂಡಿಯ ಪಾರ್ಸೆಲಿಗೆ ಎರಡು ಮೂರು ದಿನ ಕಾಯುವುದಿಲ್ಲ, ಮಡಗಾಂವ್‌ನಲ್ಲೇ ಬೇರೆ ಅಂಗಡಿ ನೋಡುತ್ತಾರೆ. ಕಳೆದುಕೊಂಡ ಆ ವ್ಯಾಪಾರ ಮೇಲಿನ ಲೆಕ್ಕದಲ್ಲಿ ಸೇರಿಯೇ ಇಲ್ಲ.

ಡಿಪೋವನ್ನೇ ಮುಚ್ಚಿದರೆ ಬಾಡಿಗೆಯೂ ಸಂಬಳವೂ ಉಳಿಯುತ್ತದಲ್ಲ ಎಂದು ಕೇಳಬಹುದು. ಉಳಿಯುತ್ತದೆ. ಆಗ ಆ ಡಿಪೋದ ಎಲ್ಲ ಐಟಂಗಳೂ ಪಾರ್ಸೆಲಿಗೆ ಬೀಳುತ್ತವೆ, ಗ್ರೈಂಡರ್ ಕಲ್ಲಿನಂಥ ಭಾರದ ಸರಕೂ ಸೇರಿ. ಎರಡು ಕಡೆಯ ಮೊತ್ತವನ್ನೂ ಪೂರ್ತಿ ಹಾಕಿ ನೋಡಿದ ಮೇಲೆಯೇ ತೀರ್ಮಾನಿಸಬೇಕು. ಬೇರೆ ಐಟಂಗಳಿಗಾಗಿ ಡಿಪೋ ಉಳಿಯುವುದೇ ಆದರೆ ಒಂದು ಐಟಂ ತೆಗೆದದ್ದಕ್ಕೆ ಬಾಡಿಗೆ ಒಂದು ರೂಪಾಯಿಯೂ ಇಳಿಯುವುದಿಲ್ಲ.

ಈಗ ಹಿಟ್ಟು ಕಲಸುವ ಯಂತ್ರದ ಗೇರ್‌ಬಾಕ್ಸ್ ನೋಡಿ. ಬೆಲೆ 22,000. 4 ವಾರಕ್ಕೆ ಮುಂಬಯಿಯಲ್ಲಿ ಸರಾಸರಿ 2, ಪುಣೆಯಲ್ಲಿ 1, ಗೋವಾದಲ್ಲಿ ಅರ್ಧ, ಅಂದರೆ ಎರಡು ತಿಂಗಳಿಗೊಂದು. ಇಷ್ಟು ನಿಧಾನದ ಐಟಂಗೆ ಮೇಲಿನ ಸೂತ್ರ ಸರಿಹೊಂದುವುದಿಲ್ಲ, ಬೇಡಿಕೆ ಸೊನ್ನೆ, ಒಂದು, ಎರಡು ಎಂದು ಬಿಡಿಬಿಡಿಯಾಗಿ ಬರುತ್ತದೆ. ಪಾಯ್ಸನ್ ಲೆಕ್ಕ ಹಿಡಿಯಬೇಕು. ಎಕ್ಸೆಲ್‌ನಲ್ಲಿ ಸರಾಸರಿ 3.5 ಇರುವಾಗ 7 ಇಟ್ಟರೆ ಸಾಕಾಗುವ ಸಂಭವ ಹೀಗೆ ಸಿಗುತ್ತದೆ:

```
=POISSON.DIST(7,3.5,TRUE)
```

ಉತ್ತರ 0.973. ಅದೇ 6 ಇಟ್ಟರೆ 0.935, 95 ಶೇಕಡಾಕ್ಕೆ ಸಾಲದು. ಇದೇ ರೀತಿ ನೋಡಿದರೆ ಕೈಯಲ್ಲಿರುವುದೂ ಆರ್ಡರಿನಲ್ಲಿರುವುದೂ ಸೇರಿ ಮುಂಬಯಿಗೆ 5, ಪುಣೆಗೆ 3, ಗೋವಾಕ್ಕೆ 2 ಬೇಕು. ಒಟ್ಟು 10. ಒಂದೇ ಗೋಡೌನಿನಲ್ಲಾದರೆ 7 ಸಾಕು. ಮೂರು ಗೇರ್‌ಬಾಕ್ಸ್ ಕಡಿಮೆ, 66,000 ರೂಪಾಯಿ, 20 ಶೇಕಡಾದಂತೆ ವರ್ಷಕ್ಕೆ 13,200. ಪುಣೆಗೂ ಗೋವಾಕ್ಕೂ ಸೇರಿ ವರ್ಷಕ್ಕೆ ಹೋಗುವುದು ಹತ್ತಿರಹತ್ತಿರ 20, ಪಾರ್ಸೆಲಿಗೆ ಹೆಚ್ಚುವರಿ 250ರಂತೆ 5,000 ರೂಪಾಯಿ. ಇಲ್ಲಿ ಒಂದೇ ಗೋಡೌನ್ ಸ್ಪಷ್ಟವಾಗಿ ಗೆಲ್ಲುತ್ತದೆ. ಗೋವಾದಲ್ಲಿ ಇಟ್ಟ ಎರಡರಲ್ಲಿ ಎರಡನೆಯದು ತಿಂಗಳುಗಟ್ಟಲೆ ಧೂಳು ಹಿಡಿದು ಕೂರುವುದು, ಅಷ್ಟರಲ್ಲಿ ಕಂಪನಿ ಮಾಡೆಲ್ ಬದಲಿಸಿಬಿಡುವುದು, ಇವೂ ತಪ್ಪುತ್ತವೆ.

| | ಗ್ರೈಂಡರ್ ಮೋಟರು | ಗೇರ್‌ಬಾಕ್ಸು |
|---|---|---|
| ಬೆಲೆ, ರೂಪಾಯಿ | 4,000 | 22,000 |
| ಕೇಂದ್ರಕ್ಕೆ ತಂದರೆ ಕಡಿಮೆಯಾಗುವ ಸ್ಟಾಕು | 25 | 3 |
| ವರ್ಷದ ಉಳಿತಾಯ, ರೂಪಾಯಿ | 20,000 | 13,200 |
| ವರ್ಷದ ಹೆಚ್ಚುವರಿ ಪಾರ್ಸೆಲ್, ರೂಪಾಯಿ | 1,10,240 | ಸುಮಾರು 5,000 |
| ತೀರ್ಮಾನ | ಡಿಪೋದಲ್ಲಿರಲಿ | ಕೇಂದ್ರಕ್ಕೆ ಬರಲಿ |

ಶೇಕಡಾವಾರು ಇಳಿಕೆ ನೋಡಿ ಐಟಂ ಆರಿಸಬಾರದು ಎನ್ನುವುದು ಇದಕ್ಕೇ. ಬೇಗ ಹೋಗುವ ಐಟಂನಲ್ಲಿ ಸಾಗಣೆ ಪ್ರತಿ ನಗಕ್ಕೂ ಬೀಳುತ್ತದೆ, ಉಳಿತಾಯ ಮಾತ್ರ ಕಪಾಟಿನಲ್ಲಿರುವ ಹೆಚ್ಚುವರಿ ನಗಗಳ ಮೇಲಷ್ಟೇ ಬರುತ್ತದೆ. ನಿಧಾನದ, ದುಬಾರಿ ಐಟಂನಲ್ಲಿ ಇದು ತಿರುಗುಮುರುಗಾಗುತ್ತದೆ. ಬೆಲ್ಟು, ಕಾರ್ಬನ್ ಬ್ರಷ್, ಕೆಪಾಸಿಟರ್, ಸ್ವಿಚ್ ಇಂಥ ಅಗ್ಗದವನ್ನು ಡಿಪೋದಲ್ಲೇ ಧಾರಾಳವಾಗಿ ಇಡಿ, ಲೆಕ್ಕ ಹಾಕುವ ಶ್ರಮಕ್ಕೂ ಅವು ತಕ್ಕವಲ್ಲ. ಕಲ್ಲು ಭಾರ, ಅದೂ ಡಿಪೋದ್ದೇ.

ನಡುವಿನ ದಾರಿ

ಮೋಟರಿನಂಥ ಐಟಂಗೆ ಎರಡರ ಲಾಭವನ್ನೂ ಸ್ವಲ್ಪಸ್ವಲ್ಪ ಪಡೆಯಬಹುದು. ಕೊಯಮತ್ತೂರಿನ 4 ವಾರದ ಅನಿಶ್ಚಿತತೆಗೆ ಬೇಕಾದ ಸ್ಟಾಕು ಭಿವಂಡಿಯಲ್ಲಿ ಒಟ್ಟಾಗಿ ಇರಲಿ. ಡಿಪೋಗಳಲ್ಲಿ ಭಿವಂಡಿಯ ಮುಂದಿನ ಗಾಡಿ ಬರುವವರೆಗೆ ಸಾಕಾಗುವಷ್ಟು ಮಾತ್ರ ಇರಲಿ.

ಪುಣೆಗೆ ವಾರಕ್ಕೆ ಎರಡು ಗಾಡಿ ಹೋದರೆ ದೊಡ್ಡ ಅಂತರ 4 ದಿನ, ತಲುಪಲು 1 ದಿನ, ಒಟ್ಟು 5 ದಿನ ಅಥವಾ 0.7 ವಾರ. ಗೋವಾಕ್ಕೆ ವಾರಕ್ಕೊಂದು ಗಾಡಿ, ತಲುಪಲು 3 ದಿನ, ಒಟ್ಟು 10 ದಿನ, 1.4 ವಾರ. ಮೊದಲ ಸೂತ್ರದಲ್ಲಿ L ಜಾಗಕ್ಕೆ ಇವನ್ನು ಹಾಕಿದರೆ ಪುಣೆಗೆ 9, ಗೋವಾಕ್ಕೆ 8. ಭಿವಂಡಿಯ 36 ಸೇರಿ 53. ಹಳೆಯ 61ಕ್ಕಿಂತ 8 ಕಡಿಮೆ, ಪಾರ್ಸೆಲ್ ಖರ್ಚಿಲ್ಲ, ಗೋವಾದ ಗಿರಾಕಿಗೆ ಮೋಟರು ಅಲ್ಲೇ ಸಿಗುತ್ತದೆ. ಒಂದು ಐಟಂಗೆ ವರ್ಷಕ್ಕೆ 6,400 ಉಳಿತಾಯ ಚಿಕ್ಕದೆನಿಸಬಹುದು, ಇಂಥ ಐಟಂಗಳು ನೂರಿದ್ದರೆ ಚಿಕ್ಕದಲ್ಲ.

ಈ 53 ಸ್ವಲ್ಪ ಹೆಚ್ಚೇ ಆಯಿತು. ಡಿಪೋಗಳ 17 ಮೋಟರು ಸಹ ಕೊರತೆಯನ್ನು ತಡೆಯುತ್ತವೆ, ಸೂತ್ರ ಅದನ್ನು ಭಿವಂಡಿಯ ಲೆಕ್ಕದಲ್ಲಿ ಕಳೆಯಲಿಲ್ಲ. ಆದ್ದರಿಂದ ಭಿವಂಡಿಯಲ್ಲಿ ಗುಣಕವನ್ನು 1.65ರಿಂದ 1.28ಕ್ಕೆ, ಅಂದರೆ 90 ಶೇಕಡಾಕ್ಕೆ ಇಳಿಸಿ 28 ಇಟ್ಟು ನೋಡಬಹುದು. ಒಂದೇ ಸಲ ಇಳಿಸಬೇಡಿ. ಮುಂಬಯಿಯ ಗಿರಾಕಿಗಳು ನೇರ ಭಿವಂಡಿಯಿಂದಲೇ ಒಯ್ಯುವುದರಿಂದ ಆ ಇಳಿಕೆ ಮೊದಲು ತಟ್ಟುವುದು ಅವರಿಗೆ.

ಮಳೆಗಾಲದಲ್ಲಿ ಗೋವಾದ ಅಂಕಿ ಬೇರೆಯೇ ಇರಬೇಕು. ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ನಿಲ್ಲುತ್ತದೆ. ಗಣೇಶ ಚವತಿಯ ದಿನಗಳಲ್ಲಿ ಮುಂಬಯಿ–ಗೋವಾ ಹೆದ್ದಾರಿಯಲ್ಲಿ ಭಾರಿ ವಾಹನಗಳಿಗೆ ಸರ್ಕಾರ ನಿರ್ಬಂಧ ಹಾಕುತ್ತದೆ. ಒಂದು ಗಾಡಿ ತಪ್ಪಿತೆಂದರೆ 10 ದಿನ 17 ದಿನವಾಗುತ್ತದೆ. ಜೂನ್‌ನಿಂದ ಚವತಿ ಮುಗಿಯುವವರೆಗೆ 17 ದಿನಕ್ಕೇ ಲೆಕ್ಕ ಹಾಕಿ, ಗೋವಾಕ್ಕೆ 11 ಮೋಟರು ಇಡುವುದು ಒಳ್ಳೆಯದು. ಅಷ್ಟೂ ದಿನದ ಸರಾಸರಿ ಬೇಡಿಕೆಯ ಮೋಟರುಗಳೂ ಅಲ್ಲಿಯೇ ಇರಬೇಕು, 11 ಅದರ ಮೇಲಿನದು.

ಕೇಂದ್ರ ಭಿವಂಡಿಯಲ್ಲೇ ಇರಬೇಕೆ?

ರಿಸ್ಕ್ ಪೂಲಿಂಗಿನ ಲೆಕ್ಕಕ್ಕೆ ಗೋಡೌನ್ ಯಾವ ಊರಲ್ಲಿದೆ ಎಂಬುದು ಬೇಕಿಲ್ಲ, 36 ಎಲ್ಲಿದ್ದರೂ 36. ಜಾಗವನ್ನು ತೀರ್ಮಾನಿಸುವುದು ಸಾಗಣೆ. ಕೊಯಮತ್ತೂರಿನಿಂದ ಬೆಂಗಳೂರು, ಬೆಳಗಾವಿ, ಕೊಲ್ಹಾಪುರದ ಮೇಲೆ ಬರುವ ಲಾರಿ ಪುಣೆಯನ್ನು ದಾಟಿಕೊಂಡೇ ಭಿವಂಡಿಗೆ ಹೋಗುತ್ತದೆ. ಪುಣೆಯ ಮೋಟರು ಪುಣೆ ದಾಟಿ ಹೋಗಿ, ಖಂಡಾಲ ಘಟ್ಟ ಇಳಿದು, ಮತ್ತೆ ಅದೇ ಘಟ್ಟ ಹತ್ತಿ ಬರುತ್ತದೆ. ಗೋವಾದ್ದೂ ಹಾಗೆಯೇ. ಸರಕಿನ ಬಹುಪಾಲು ದಕ್ಷಿಣದಿಂದ ಬರುವವರು ಪುಣೆಯನ್ನೇ ಕೇಂದ್ರ ಮಾಡಿದರೆ ಹೇಗೆ ಎಂದು ಒಮ್ಮೆ ಲೆಕ್ಕ ಹಾಕಲೇಬೇಕು. ಗುಜರಾತು ಅಥವಾ ಬಂದರಿನಿಂದ ಬರುವ ಸರಕು ಹೆಚ್ಚಿದ್ದರೆ, ಮುಂಬಯಿಯ ಬೇಡಿಕೆ ಅರ್ಧಕ್ಕಿಂತ ಹೆಚ್ಚಿದ್ದರೆ ಭಿವಂಡಿಯೇ ಸರಿ.

ತೆರಿಗೆಯ ಕಡೆಯಿಂದ ಪುಣೆ ಸುಲಭ. ಒಂದೇ ರಾಜ್ಯ, ಅದೇ ಜಿಎಸ್‌ಟಿ ನೋಂದಣಿಯಲ್ಲಿ ಹೆಚ್ಚುವರಿ ಜಾಗವೆಂದು ತೋರಿಸಿದ್ದರೆ ಭಿವಂಡಿಯಿಂದ ಡೆಲಿವರಿ ಚಲನ್ ಮೇಲೆ ಸರಕು ಹೋಗುತ್ತದೆ, ತೆರಿಗೆ ಇಲ್ಲ. ಗೋವಾ ಬೇರೆ ರಾಜ್ಯ. ಅಲ್ಲಿ ಡಿಪೋ ಇದ್ದರೆ ಬೇರೆ ನೋಂದಣಿ, ಬೇರೆ ರಿಟರ್ನ್. ಸ್ವಂತ ಡಿಪೋಗೆ ಕಳಿಸಿದರೂ ಐಜಿಎಸ್‌ಟಿ ಹಾಕಿ ಬಿಲ್ ಮಾಡಬೇಕು, ಗೋವಾದಲ್ಲಿ ಕ್ರೆಡಿಟ್ ಪಡೆಯಬೇಕು. ರಾಜ್ಯ ದಾಟುವ ಸರಕು 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಬೇಕು. ಕ್ರೆಡಿಟ್ ಸಿಗುವುದರಿಂದ ಇದು ತೆರಿಗೆಯ ಹೊರೆಯಲ್ಲ, ಕಾಗದಪತ್ರದ ಹೊರೆ. ಗೋವಾದ ಮಾರಾಟ ತೀರಾ ಕಡಿಮೆಯಿದ್ದರೆ ಆ ಹೊರೆಯೂ ತೂಕಕ್ಕೆ ಬರುತ್ತದೆ.

ಬದಲಿಸಿದ ಮೇಲೆ ಕೆಡುವುದು ಹೇಗೆ, ಗೊತ್ತಾಗುವುದು ಹೇಗೆ

ಒಂದೇ ಗೋಡೌನ್ ಆದ ಮೇಲೆ ಸ್ಟಾಕು ಬಿಗಿಯಾದಾಗ ಹತ್ತಿರದ ಗಿರಾಕಿಗೆ ಮೊದಲು ಸಿಗುತ್ತದೆ. ಭಿವಂಡಿಯ ಕೌಂಟರಿಗೆ ಬಂದು ನಿಂತ ಮುಂಬಯಿಯವರಿಗೆ ಕೊನೆಯ ಮೋಟರು ಹೋಗುತ್ತದೆ, ಫೋನಿನಲ್ಲಿ ಕೇಳಿದ ಗೋವಾಕ್ಕೆ ‘ಮುಂದಿನ ವಾರ’ ಎಂದಾಗುತ್ತದೆ. ಒಟ್ಟು ಅಂಕಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅದಕ್ಕೆ ‘ಕೇಳಿದ್ದು ಎಷ್ಟು, ಆಗಲೇ ಕೊಟ್ಟದ್ದು ಎಷ್ಟು’ ಎಂಬುದನ್ನು ಊರುವಾರು ಬರೆಯಿರಿ. ಮುಂಬಯಿ 98 ಶೇಕಡಾ, ಗೋವಾ 80 ಶೇಕಡಾ ಎಂದು ಅಂತರ ಕಂಡರೆ ತಪ್ಪಿರುವುದು ಹಂಚಿಕೆಯಲ್ಲಿ, ಸ್ಟಾಕಿನ ಪ್ರಮಾಣದಲ್ಲಲ್ಲ. ಸ್ಟಾಕು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಗೋವಾಕ್ಕೆ ಇಷ್ಟು, ಪುಣೆಗೆ ಇಷ್ಟು ಎಂದು ಮೀಸಲಿಡುವ ನಿಯಮ ಬೇಕು.

ಎರಡು ಸಲ ಹೀಗೆ ಸಿಗದೆ ಹೋದ ಡಿಪೋ ಮ್ಯಾನೇಜರು ಮೂರನೇ ಸಲ ಬೇಕಾದ್ದಕ್ಕಿಂತ ಹೆಚ್ಚು ಕೇಳುತ್ತಾರೆ, ಬಂದದ್ದನ್ನು ಹಿಂದೆ ಸರಿಸಿ ಇಡುತ್ತಾರೆ. ಅವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ, ಎದುರಿಗೆ ಗಿರಾಕಿ ನಿಂತಿರುವುದು ಅವರಿಗೆ. ಸ್ಟಾಕು ಮತ್ತೆ ಮೂರು ಕಡೆ ಹಂಚಿಹೋಗುತ್ತದೆ, ಭಿವಂಡಿಯಲ್ಲಿ ಮಾತ್ರ 36ರ ಲೆಕ್ಕವೇ ನಡೆಯುತ್ತಿರುತ್ತದೆ, ಕೊರತೆ ಹೆಚ್ಚುತ್ತದೆ. ಡಿಪೋ ಭಿವಂಡಿಗೆ ಕೇಳಿದ್ದು ಅಲ್ಲಿನ ಗಿರಾಕಿಗಳು ಕೇಳಿದ್ದಕ್ಕಿಂತ ಸತತ ನಾಲ್ಕೈದು ವಾರ ಹೆಚ್ಚಿದೆಯೇ ಎಂದು ಹೋಲಿಸಿ. ಇದ್ದರೆ ಕೂಡಿಡುವುದು ಶುರುವಾಗಿದೆ ಎಂದರ್ಥ. ಮೂರು ಕಡೆಯ ಸ್ಟಾಕು ಮೂವರಿಗೂ ಒಂದೇ ಪರದೆಯಲ್ಲಿ ಕಾಣುವಂತಿದ್ದರೆ ಇದು ಬಹಳ ಕಡಿಮೆಯಾಗುತ್ತದೆ.

ಜಾರಿಗೆ ತರುವಾಗ ಡಿಪೋದಲ್ಲಿರುವ ಹೆಚ್ಚುವರಿ ಸರಕನ್ನು ವಾಪಸು ತರಿಸಬೇಡಿ. ಅದಕ್ಕೆ ಸಾಗಣೆ, ಗೋವಾದಿಂದಾದರೆ ಮತ್ತೊಂದು ಐಜಿಎಸ್‌ಟಿ ಬಿಲ್ಲು. ಅಲ್ಲೇ ಮಾರಿ ಮುಗಿಯಲಿ, ಹೊಸದು ಕಳಿಸುವುದನ್ನು ನಿಲ್ಲಿಸಿ. ಗೋವಾದಲ್ಲಿ ತಿಂಗಳಿಗೆ ಒಂದಕ್ಕಿಂತ ಕಡಿಮೆ ಹೋಗುವ, 10,000 ರೂಪಾಯಿಗೆ ಮೇಲ್ಪಟ್ಟ ಐಟಂಗಳಿಂದ ಶುರು ಮಾಡಿ, ಮೂರು ತಿಂಗಳು ಊರುವಾರು ಅಂಕಿ ನೋಡಿ, ಆಮೇಲೆ ಪುಣೆಯ ಪಟ್ಟಿಗೆ ಹೋಗಿ. ಗಿರಾಕಿ ಕಾಯಲಾರದ ಐಟಂ ಒಂದೆರಡು ಇದರಲ್ಲಿ ಸಿಕ್ಕೇ ಸಿಗುತ್ತವೆ. ಅಂಥವುಗಳಿಗೆ ಗೋವಾದಲ್ಲಿ ಒಂದೊಂದು ನಗವನ್ನು ಮಾರಾಟಕ್ಕಲ್ಲದೆ, ಹೊಸದು ಬರುವವರೆಗೆ ಎರವಲು ಕೊಡಲು ಇಟ್ಟುಕೊಳ್ಳಿ. ಗೇರ್‌ಬಾಕ್ಸಿನ ವಿಷಯದಲ್ಲಿ ಆಗ 7ರ ಜಾಗದಲ್ಲಿ 8 ಆಗುತ್ತದೆ, ಆದರೂ ಹಳೆಯ 10ಕ್ಕಿಂತ ಎರಡು ಕಡಿಮೆ.